ಅರ್ಧ ಲೋಟ ಅಭಯಾರಿಷ್ಟ ಮತ್ತು ಕುಡಿತ ಬಿಡಿಸುವ ಮಾತ್ರೆ: ಶಿರಸಿಯ ಒಂದು ಪ್ರಕರಣ

ರೋಗಿಗೆ 46 ವರ್ಷ, ತೂಕ 58 ಕಿಲೋ. ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ ಊರು, ಸಣ್ಣ ಅಡಿಕೆ ತೋಟ. ಇಲ್ಲಿ ಅವರನ್ನು ನಾಗರಾಜ ಎಂದು ಕರೆಯುತ್ತೇನೆ, ಅದು ನಿಜವಾದ ಹೆಸರಲ್ಲ. ಹತ್ತಾರು ವರ್ಷ ಕುಡಿದವರು. ದೀಪಾವಳಿ ಕಳೆದ ಮೇಲೆ ಮನೆಯವರ ಒತ್ತಾಯಕ್ಕೆ ಮನೋವೈದ್ಯರ ಹತ್ತಿರ ಹೋದರು, ಕುಡಿತ ಬಿಟ್ಟರು. ಆಗಿನಿಂದ ದಿನಾ ಬೆಳಿಗ್ಗೆ ಡೈಸಲ್ಫಿರಾಮ್ 250 ಮಿಲಿಗ್ರಾಂ ಮಾತ್ರೆ. ಮಾತ್ರೆಯನ್ನು ಹೆಂಡತಿಯೇ ಕೈಗೆ ಕೊಟ್ಟು, ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ಮಕರ ಸಂಕ್ರಾಂತಿಯ ಹೊತ್ತಿಗೆ ಎರಡು ತಿಂಗಳು ದಾಟಿತ್ತು. ಒಂದು ದಿನವೂ ತಪ್ಪಿರಲಿಲ್ಲ.

ಆಗ ಅಡಿಕೆ ಗೊನೆಯ ಕೊಯ್ಲಿನ ಸಮಯ. ರಾತ್ರಿ ಅಡಿಕೆ ಸುಲಿಯಲು ಗಂಟೆಗಟ್ಟಲೆ ಕೂತು ಅವರ ಹಳೆಯ ಮೂಲವ್ಯಾಧಿ ಕೆರಳಿತು. ಮಲಬದ್ಧತೆ, ಉರಿ, ಒಂದೆರಡು ಸಲ ರಕ್ತ. ಅವರ ಸೋದರಮಾವನಿಗೆ ನಾಟಿ ಔಷಧಿಯ ತಿಳಿವಳಿಕೆ ಇದೆ, ಮನೆಯಲ್ಲೇ ಅಭಯಾರಿಷ್ಟ ಹಾಕುತ್ತಾರೆ. ಮೂಲವ್ಯಾಧಿಗೆ ಅದು ಹೆಸರುವಾಸಿಯಾದ ಔಷಧಿ, ಆಯ್ಕೆಯಲ್ಲಿ ತಪ್ಪೇನಿಲ್ಲ. ಹಳೆಯ ಬಾಟಲಿಯೊಂದಕ್ಕೆ ತುಂಬಿ, "ಊಟ ಆದ ಮೇಲೆ ಕುಡಿ, ಸಮ ನೀರು ಹಾಕ್ಕೋ" ಎಂದು ಕಳಿಸಿಕೊಟ್ಟರು. ಬಾಟಲಿಗೆ ಚೀಟಿ ಇರಲಿಲ್ಲ. ಮನೆ ಔಷಧಿಗೆ ಚೀಟಿ ಯಾರು ಅಂಟಿಸುತ್ತಾರೆ?

ಆ ರಾತ್ರಿ ಎಂಟೂವರೆಗೆ ಊಟ ಮುಗಿಸಿ ಅರಿಷ್ಟ ಕುಡಿದರು. ಕಾಲು ಗಂಟೆಯೊಳಗೆ ಮುಖ, ಕಿವಿ, ಕುತ್ತಿಗೆ ಕೆಂಪಗಾಗಿ ಬಿಸಿಯೇರಿತು. ತಲೆ ಸಿಡಿಯತೊಡಗಿತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬೆವರು, ಉಸಿರು ಕಟ್ಟಿದಂತೆ, ಆಮೇಲೆ ವಾಂತಿ. ಹೆಂಡತಿ ಹತ್ತಿರ ಹೋದಾಗ ಬಾಯಿಂದ ಆ ವಾಸನೆ ಬಂತು. ಇಂಥ ಮನೆಯಲ್ಲಿ ಮುಂದೇನಾಗುತ್ತದೆ ಎಂದು ಊಹಿಸಬಹುದು. "ಆನು ಒಂದು ಹನಿಯೂ ಕುಡದ್ನಿಲ್ಲೆ" ಎಂದು ಇವರು ಹೇಳುತ್ತಲೇ ಇದ್ದರು, ಯಾರೂ ನಂಬಲಿಲ್ಲ. ಮಗ ಕೊಟ್ಟಿಗೆ, ಅಟ್ಟ, ಸೊಪ್ಪಿನ ಗುಡ್ಡೆಯ ಹಿಂದೆ ಎಲ್ಲ ಬಾಟಲಿ ಹುಡುಕಿದ. ಅರಿಷ್ಟದ ಬಾಟಲಿ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಎಲ್ಲರ ಕಣ್ಣೆದುರೇ ಇತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಔಷಧಿ ಅಲ್ವಾ ಅದು!

ಆಸ್ಪತ್ರೆಗೆ ಮುಟ್ಟುವಾಗ ನಾಡಿ ನಿಮಿಷಕ್ಕೆ 120ರ ಮೇಲೆ, ಬಿಪಿ 90/60. ಎದೆನೋವು ಅಂದಿದ್ದಕ್ಕೆ ಮೊದಲು ಇಸಿಜಿ ತೆಗೆದರು. ಹೃದಯಾಘಾತದ ಲಕ್ಷಣ ಇರಲಿಲ್ಲ. ಮೈಮೇಲೆ ದದ್ದು, ತುಟಿ ಊತ ಇಲ್ಲದ್ದರಿಂದ ಅಲರ್ಜಿಯೂ ಅಲ್ಲ ಅನ್ನಿಸಿತು. ಡೈಸಲ್ಫಿರಾಮ್ ಚೀಟಿ ನೋಡಿದ ಕೂಡಲೇ ಅಲ್ಲಿನ ವೈದ್ಯರಿಗೆ ಹೊಳೆದದ್ದು ಒಂದೇ, ಈತ ಕುಡಿದಿದ್ದಾನೆ. ಈ ಮಾತ್ರೆ ತಿನ್ನುವಾಗ ಕುಡಿದರೆ ಆಗುವ ರಿಯಾಕ್ಷನ್‌ಗೆ ಬೇರೆ ಮದ್ದು ಅಂತ ಇಲ್ಲ. ಗ್ಲೂಕೋಸ್ ಸಲೈನ್ ಹಾಕಿದರು, ಕಾಲು ಎತ್ತರಿಸಿ ಮಲಗಿಸಿದರು, ಬಿಪಿ ನೋಡುತ್ತ ಕಾದರು. ಮೂರ್ನಾಲ್ಕು ಗಂಟೆಯಲ್ಲಿ ಎಲ್ಲ ಇಳಿಯಿತು.

ಮರುದಿನ ಹೆಂಡತಿ ನನಗೆ ಫೋನ್ ಮಾಡಿದರು. ನಾನು ಆಯುರ್ವೇದ ವೈದ್ಯ, ಆ ಮನೆಗೆ ಹಿಂದಿನಿಂದ ಪರಿಚಯ. ಅವರ ದನಿಯಲ್ಲಿ ಸಿಟ್ಟಿಗಿಂತ ಸೋತ ಭಾವ ಜಾಸ್ತಿ ಇತ್ತು. ನಾನು ಕೇಳಿದ್ದು ಒಂದೇ: ಊಟದ ನಂತರ ಬಾಯಿಗೆ ಹೋದದ್ದು ಏನೇನು, ಒಂದೂ ಬಿಡದೆ ಹೇಳಿ. ಮಜ್ಜಿಗೆ, ಎಲೆ ಅಡಿಕೆ, ಮಾವ ಕೊಟ್ಟ ಅರಿಷ್ಟ. ಅಲ್ಲಿಗೆ ಗೊತ್ತಾಯಿತು. ಆದರೆ ಗೊತ್ತಾದರೆ ಸಾಲದು, ಅಷ್ಟು ಸ್ವಲ್ಪ ಅರಿಷ್ಟದಿಂದ ಅಷ್ಟು ದೊಡ್ಡ ರಿಯಾಕ್ಷನ್ ಬರಲು ಸಾಧ್ಯವೇ ಎಂದು ಲೆಕ್ಕ ಹಾಕಿ ನೋಡಬೇಕಿತ್ತು. ನಾಗರಾಜರ ಮಾತಿಗೆ ಮನೆಯಲ್ಲಿ ಬೆಲೆ ಬರುವುದೂ ಇದರ ಮೇಲೆ ನಿಂತಿತ್ತು.

ಮಾವನ ಮಡಕೆ

ಆಸವ ಮತ್ತು ಅರಿಷ್ಟ ಎರಡೂ ಹುಳಿಬರಿಸಿದ ಔಷಧಿಗಳೇ. ಸಾಮಾನ್ಯವಾಗಿ ಮೂಲಿಕೆಗಳನ್ನು ಕುದಿಸಿ ಕಷಾಯ ಮಾಡಿ ಹುಳಿಬರಿಸಿದರೆ ಅರಿಷ್ಟ. ಕುದಿಸದೆ ಹಸಿ ರಸದಲ್ಲೋ ತಣ್ಣೀರಿನಲ್ಲೋ ಹಾಕಿದರೆ ಆಸವ, ಲೋಳೆಸರದ ರಸದಿಂದ ಮಾಡುವ ಕುಮಾರ್ಯಾಸವದಂತೆ. ಪ್ರಮಾಣ ಹೇಳದಿದ್ದ ಕಡೆ ಏನು ಮಾಡಬೇಕೆಂದು ಶಾರ್ಙ್ಗಧರ ಸಂಹಿತೆಯಲ್ಲಿ ಒಂದು ಸಾಮಾನ್ಯ ನಿಯಮವಿದೆ: ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಅದರ ಅರ್ಧ ಜೇನು, ಹತ್ತನೇ ಒಂದು ಭಾಗ ಪುಡಿಗಳು. ಇಂದಿನ ಅಳತೆಯಲ್ಲಿ 12 ಲೀಟರಿಗೆ ಸ್ವಲ್ಪ ಮೇಲೆ ದ್ರವ, 4.8 ಕಿಲೋ ಬೆಲ್ಲ, 2.4 ಕಿಲೋ ಜೇನು, 480 ಗ್ರಾಂ ಪುಡಿ.

ಅಭಯಾರಿಷ್ಟಕ್ಕೆ ಪ್ರತ್ಯೇಕ ಪಾಠವೇ ಇದೆ. ಅಳಲೆಕಾಯಿ, ಒಣದ್ರಾಕ್ಷಿ, ವಾಯುವಿಳಂಗ, ಇಪ್ಪೆ ಹೂವು ಇವನ್ನು ಕುಟ್ಟಿ ನೀರಿನಲ್ಲಿ ಕುದಿಸಿ ಕಾಲುಭಾಗಕ್ಕೆ ಇಳಿಸಬೇಕು. ಸೋಸಿ, ಆರಿದ ಮೇಲೆ ಬೆಲ್ಲ ಕರಗಿಸಿ, ನೆಗ್ಗಿಲು, ತಿಗಡೆ, ಕೊತ್ತಂಬರಿ, ಒಣಶುಂಠಿ, ಧಾತಕಿ ಹೂವು ಮುಂತಾದ ಪುಡಿಗಳನ್ನು ಸೇರಿಸಿ ತಿಂಗಳು ಮುಚ್ಚಿಡಬೇಕು.

ಮಾವ ಹಾಕಿದ್ದು ಅದರ ಕಾಲುಪಾಲು. ಅವರ ಮನೆಗೆ ಹೋಗಿ ಕೂತು ಒಂದೊಂದೇ ಕೇಳಿ ಬರೆದುಕೊಂಡೆ. ಅಳಲೆಕಾಯಿ 1.2 ಕಿಲೋ, ಒಣದ್ರಾಕ್ಷಿ 600 ಗ್ರಾಂ, ನೀರು 12 ಲೀಟರ್. ಕುದಿಸಿ 3 ಲೀಟರಿಗೆ ಇಳಿಸಿದ್ದಾರೆ. ಬೆಲ್ಲ 1.2 ಕಿಲೋ, ಆದರೆ ಅಚ್ಚುಬೆಲ್ಲ ಅಲ್ಲ, ಮನೆಯ ಜೋನಿಬೆಲ್ಲ. ಧಾತಕಿ ಮತ್ತಿತರ ಪುಡಿಗಳು ಶಿರಸಿ ಪೇಟೆಯ ಗ್ರಂಥಿಗೆ ಅಂಗಡಿಯಿಂದ. ಹಳೆಯ ಮಣ್ಣಿನ ಮಡಕೆಯ ಒಳಗೆ ತುಪ್ಪ ಸವರಿ, ಹೊಗೆ ಕೊಟ್ಟು, ಮೇಲೆ ಕಾಲುಭಾಗ ಖಾಲಿ ಬಿಟ್ಟು ತುಂಬಿ, ಬಾಯಿಗೆ ಮುಚ್ಚಳವಿಟ್ಟು ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಭತ್ತದ ಹೊಟ್ಟಿನೊಳಗೆ ಹೂತಿಟ್ಟಿದ್ದಾರೆ. ಕೆಲಸ ಅಚ್ಚುಕಟ್ಟು. ಎಷ್ಟೋ ಕಡೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಮ್ನೆ ಕಲಸಿಡುವುದನ್ನು ನೋಡಿದ ನನಗೆ ಅವರ ಮೇಲೆ ಗೌರವವೇ ಬಂತು.

ಈ ಮಡಕೆಯೊಳಗೆ ನಡೆಯುವ ಕೆಲಸವನ್ನು ಒಂದು ಮಾತಿನಲ್ಲಿ ಹೇಳಿಬಿಡಬಹುದು. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆ ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಯೀಸ್ಟನ್ನು ನಾವು ಹೊರಗಿನಿಂದ ಹಾಕುವುದಿಲ್ಲ. ಧಾತಕಿ ಹೂವಿನ ಮಕರಂದದ ಜೊತೆ ಅದು ತಾನೇ ಬರುತ್ತದೆ. ಇಟ್ಟಿಗೆ ಬಣ್ಣದ ಆ ಚಿಕ್ಕ ಕೊಳವೆ ಹೂವನ್ನು ಮುರಿದು ನೋಡಿದರೆ ಒಣಗಿದ ಮೇಲೂ ಒಳಗೆ ಅಂಟು ಅಂಟು ಇರುತ್ತದೆ. ಹೂವು ತೀರಾ ಹಳೆಯದಾಗಿ ಬೂಸಲು ವಾಸನೆ ಬರುತ್ತಿದ್ದರೆ ಹುಳಿಬರುವುದು ತಡವಾಗುತ್ತದೆ, ಕೆಲವೊಮ್ಮೆ ಶುರುವೇ ಆಗುವುದಿಲ್ಲ. ಕಷಾಯ ಪೂರ್ತಿ ಆರುವ ಮುಂಚೆ ಹೂವು ಹಾಕಿದರೂ ಅಷ್ಟೇ ಕಥೆ, ಬಿಸಿಗೆ ಯೀಸ್ಟ್ ಸಾಯುತ್ತದೆ.

"ತಿಂಗಳು ಇಡು" ಎಂಬ ಮಾತು ಎಲ್ಲರ ಬಾಯಲ್ಲಿದೆ. ಆದರೆ ತಿಂಗಳು ಎನ್ನುವುದು ಒಂದು ಅಂದಾಜು. ಯೀಸ್ಟಿಗೆ 25ರಿಂದ 30 ಡಿಗ್ರಿ ಹಿತ. ಕರಾವಳಿಯಲ್ಲಿ, ಕಾರವಾರ ಅಂಕೋಲೆಯ ಏಪ್ರಿಲ್ ಸೆಕೆಯಲ್ಲಿ ಅದೇ ಮಡಕೆ ಬೇಗ ಮುಗಿಯುತ್ತದೆ. ಘಟ್ಟದ ಮೇಲೆ ಆಷಾಢದ ಮಳೆ ಹಿಡಿದು ಕೂತಾಗ ನಿಧಾನ. ಮಾವ ಇಟ್ಟಿದ್ದು ಆಷಾಢದಲ್ಲಿ. ತಿಂಗಳಿಗೆ ಒಮ್ಮೆ ತೆಗೆದು ನೋಡಿದರೆ ಇನ್ನೂ ಗುಳುಗುಳು ಸದ್ದು, ಮೇಲೆ ನೊರೆ, ಪುಡಿಯೆಲ್ಲ ತೇಲುತ್ತಿತ್ತು. ಮತ್ತೆ ಮುಚ್ಚಿ ಚೌತಿ ಕಳೆದ ಮೇಲೆ ತೆಗೆದರು. ಆಗ ಸದ್ದು ನಿಂತಿತ್ತು, ಪುಡಿ ತಳಕ್ಕೆ ಇಳಿದಿತ್ತು. ಉರಿಯುವ ಕಡ್ಡಿಯನ್ನು ಮಡಕೆಯ ಬಾಯೊಳಗೆ ಹಿಡಿದರು, ಕಡ್ಡಿ ಆರದೆ ಉರಿಯಿತು. ಒಳಗೆ ಇನ್ನೂ ಅನಿಲ ಹುಟ್ಟುತ್ತಿದ್ದರೆ ಕಡ್ಡಿ ತಟ್ಟನೆ ಆರುತ್ತದೆ, ಯಾಕೆಂದರೆ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಮಡಕೆಯ ಖಾಲಿ ಜಾಗದಲ್ಲೇ ಕೂತಿರುತ್ತದೆ. ಇದೇ ಪರೀಕ್ಷೆಯನ್ನು ಸುಣ್ಣದ ತಿಳಿನೀರಿನಿಂದಲೂ ಮಾಡಬಹುದು. ಆ ಅನಿಲವನ್ನು ಅದರೊಳಗೆ ಹಾಯಿಸಿದರೆ ನೀರು ಹಾಲಿನಂತಾಗುತ್ತದೆ, ಕೆಲಸ ಮುಗಿದಿದ್ದರೆ ತಿಳಿಯಾಗಿಯೇ ಉಳಿಯುತ್ತದೆ.

ಅವರ ಇನ್ನೊಂದು ಮಡಕೆ ಆ ವರ್ಷ ಕೆಟ್ಟಿತ್ತು. ಮೆತ್ತಿದ ಮಣ್ಣು ಬಿರುಕು ಬಿಟ್ಟು ಗಾಳಿ ಒಳಗೆ ಹೋಗಿತ್ತು. ಗಾಳಿ ಸಿಕ್ಕರೆ ಬೇರೆ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ವಿನೆಗರ್ ಮಾಡುತ್ತವೆ. ಮೂಗಿಗೆ ಚುಚ್ಚುವ ಹುಳಿ ವಾಸನೆ, ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವ ಹುಳಿ. ಅಂಥದ್ದನ್ನು ಮಾವ ತೋಟಕ್ಕೆ ಚೆಲ್ಲುತ್ತಾರೆ, ಸರಿಯಾಗಿಯೇ ಮಾಡುತ್ತಾರೆ. ಅಂದರೆ ಕೆಟ್ಟಿದ್ದನ್ನು ಗುರುತಿಸುವುದು ಅವರಿಗೆ ಚೆನ್ನಾಗಿ ಬರುತ್ತದೆ. ಆದರೆ ಚೆನ್ನಾಗಿ ಬಂದ ಮಡಕೆಯಲ್ಲಿ ಮದ್ಯಸಾರ ಎಷ್ಟಿದೆ ಎಂದು ಮೂಗು, ನಾಲಿಗೆ ಹೇಳಲಾರವು. ಬೆಲ್ಲದ ಸಿಹಿ, ಅಳಲೆಯ ಒಗರು ಎರಡೂ ಸೇರಿ ಅದನ್ನು ಮುಚ್ಚಿಬಿಡುತ್ತವೆ.

ಎಷ್ಟು ಮದ್ಯಸಾರ?

ಅಂಗಡಿಯ ಅರಿಷ್ಟದ ಬಾಟಲಿಯ ಮೇಲೆ ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ ಇಷ್ಟರೊಳಗೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹೆಚ್ಚಿನವುಗಳ ಮೇಲೆ 12 ಮೀರದಂತೆ ಎಂದಿರುತ್ತದೆ, ನಿಜವಾಗಿ ಸಾಮಾನ್ಯವಾಗಿ 5ರಿಂದ 10ರ ನಡುವೆ ಇರುತ್ತದೆ. ಬಿಯರಿಗೆ ಸಮ ಅಥವಾ ಸ್ವಲ್ಪ ಮೇಲೆ. ತಾನಾಗಿ ಹುಟ್ಟಿದ್ದು ಎಂದ ಮಾತ್ರಕ್ಕೆ ಅದು ಬೇರೆ ಜಾತಿಯ ಮದ್ಯಸಾರ ಅಲ್ಲ. ಮದ್ಯದ ಅಂಗಡಿಯಲ್ಲಿ ಸಿಗುವುದರಲ್ಲಿ ಇರುವುದೂ ಇದೇ ಎಥೆನಾಲ್. ಯಕೃತ್ತಿಗೆ ಅದು ಎಲ್ಲಿಂದ ಬಂತು ಎನ್ನುವುದು ಬೇಕಿಲ್ಲ.

ಮಾವನ ಅರಿಷ್ಟದಲ್ಲಿ ಎಷ್ಟಿತ್ತು? ಹೈಡ್ರೋಮೀಟರ್ ನೇರವಾಗಿ ಅದ್ದಿದರೆ ಉಪಯೋಗವಿಲ್ಲ. ಮದ್ಯಸಾರ ದ್ರವವನ್ನು ಹಗುರ ಮಾಡುತ್ತದೆ, ಉಳಿದ ಬೆಲ್ಲ ಭಾರ ಮಾಡುತ್ತದೆ. ಎರಡೂ ಸೇರಿ ಮೀಟರ್ ತೋರಿಸುವುದು ಸುಳ್ಳು. ಮೊದಲು ಬಟ್ಟಿ ಇಳಿಸಿ ಮದ್ಯಸಾರವನ್ನು ಬೇರೆ ಮಾಡಬೇಕು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸ್ನೇಹಿತರೊಬ್ಬರು ಬಾಟಲಿಯಲ್ಲಿ ಉಳಿದಿದ್ದರಿಂದ 100 ಮಿ.ಲೀ. ತೆಗೆದು ಬಟ್ಟಿ ಇಳಿಸಿದರು. ಇಳಿದದ್ದಕ್ಕೆ ಶುದ್ಧ ನೀರು ಸೇರಿಸಿ ಮತ್ತೆ 100 ಮಿ.ಲೀ. ಮಾಡಿ ತೂಗಿದರು. ನೀರಿಗೆ 1 ಎಂದರೆ ಇದು 0.988ರ ಹತ್ತಿರ ಬಂತು. ಕೋಷ್ಟಕದ ಪ್ರಕಾರ ಅದು ಶೇಕಡಾ 9ರ ಆಸುಪಾಸು.

ಹಾಕಿದ ಸಕ್ಕರೆಗೆ ಇದು ತಾಳೆಯಾಗುತ್ತದಾ ಎಂದೂ ನೋಡಿದೆವು. ಜೋನಿಬೆಲ್ಲದಲ್ಲಿ ನೀರು ಜಾಸ್ತಿ, ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ ಸಕ್ಕರೆ ಎಂದು ಹಿಡಿದರೆ ದ್ರಾಕ್ಷಿಯದ್ದೂ ಸೇರಿ ಮಡಕೆಯಲ್ಲಿ ಸುಮಾರು 1.2 ಕಿಲೋ ಸಕ್ಕರೆ. ಒಟ್ಟು ದ್ರವ ನಾಲ್ಕು ಲೀಟರಿಗೆ ಹತ್ತಿರ. ಸಕ್ಕರೆ ಪೂರ್ತಿ ಹುಳಿಬಂದರೆ ತೂಕದ ಅರ್ಧದಷ್ಟು ಮದ್ಯಸಾರ ಆಗುತ್ತದೆ, ಆ ಲೆಕ್ಕದಲ್ಲಿ ಶೇಕಡಾ 20ರವರೆಗೆ ಹೋಗಬೇಕು. ಹೋಗುವುದಿಲ್ಲ. ದ್ರವ ದಪ್ಪಗಿರುತ್ತದೆ, ಮೂಲಿಕೆಗಳ ಒಗರು ಇರುತ್ತದೆ, ಏರುತ್ತಿರುವ ಮದ್ಯಸಾರವೂ ಯೀಸ್ಟಿನ ಕೈಕಟ್ಟುತ್ತದೆ. ಅರ್ಧ ದಾರಿಯಲ್ಲಿ ಅದು ನಿಲ್ಲುತ್ತದೆ. ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ಅರಿಷ್ಟ ಸಿಹಿಯಾಗಿರುವುದು ಇದಕ್ಕೇ. ಈ ಮಡಕೆಯಲ್ಲಿ 60 ಮಿ.ಲೀ.ಗೆ ಹತ್ತು ಗ್ರಾಂ ಸಕ್ಕರೆ ಉಳಿದಿರಬೇಕು ಎಂದು ಅಂದಾಜು. ಶುಗರ್ ಇರುವವರು "ಹುಳಿಬಂದ ಮೇಲೆ ಬೆಲ್ಲ ಎಲ್ಲಿರುತ್ತೆ" ಎಂದು ಕೇಳುವುದುಂಟು. ಇಲ್ಲೇ ಇರುತ್ತದೆ.

ಇನ್ನು ಅವರು ಕುಡಿದದ್ದು ಎಷ್ಟು. ಮಾವ ಹೇಳಿದ ಅಳತೆ "ಒಂದು ಸಣ್ಣ ಗುಟುಕು". ನಾಗರಾಜರು ಹೇಳಿದ್ದು "ಲೋಟದಲ್ಲಿ ಅರ್ಧಕ್ಕೂ ಕಡಿಮೆ". ಅದೇ ಸ್ಟೀಲ್ ಲೋಟ ತರಿಸಿ, ಅರಿಷ್ಟ ಹಾಕಿಕೊಂಡಿದ್ದಷ್ಟೇ ನೀರನ್ನು ಅವರ ಕೈಯಿಂದಲೇ ಹಾಕಿಸಿದೆ. "ಇಷ್ಟು, ಇಲ್ಲಿವರೆಗೆ" ಎಂದು ಬೆರಳಿಟ್ಟು ತೋರಿಸಿದರು. ಆ ನೀರನ್ನು ಸಿರಿಂಜಿನಲ್ಲಿ ಎಳೆದು ಅಳೆದರೆ 60 ಮಿ.ಲೀ. ನಾವು ಸಾಮಾನ್ಯವಾಗಿ ಬರೆಯುವುದು 12ರಿಂದ 24 ಮಿ.ಲೀ., ಸಮ ನೀರಿನ ಜೊತೆ ಊಟದ ನಂತರ. ಅವರು ಸಮ ನೀರು ಹಾಕಿಕೊಂಡಿದ್ದರು, ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನೀರು ಹಾಕಿದರೆ ಗಂಟಲಿಗೆ ಉರಿ ಕಡಿಮೆಯಾಗುತ್ತದೆ, ಅಷ್ಟೇ. ಹೊಟ್ಟೆಗೆ ಹೋಗುವ ಮದ್ಯಸಾರ ಒಂದು ಹನಿಯೂ ಕಡಿಮೆಯಾಗುವುದಿಲ್ಲ.

60 ಮಿ.ಲೀ.ಯಲ್ಲಿ ಶೇಕಡಾ 9 ಅಂದರೆ 5.4 ಮಿ.ಲೀ. ಮದ್ಯಸಾರ, ತೂಕದಲ್ಲಿ 4.3 ಗ್ರಾಂ. 58 ಕಿಲೋ ತೂಕದ ಗಂಡಸಿನ ಮೈಯಲ್ಲಿ ಅದು ಹರಡಿಕೊಂಡರೆ ರಕ್ತದ 100 ಮಿ.ಲೀ.ಗೆ ಹೆಚ್ಚೆಂದರೆ 11 ಮಿಲಿಗ್ರಾಂ. ಊಟದ ಮೇಲೆ ಕುಡಿದದ್ದರಿಂದ ಇನ್ನೂ ಸ್ವಲ್ಪ ಕಡಿಮೆ ಇರಬಹುದು. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 30 ಮಿಲಿಗ್ರಾಂ. ಅಂದರೆ ಬೇರೆ ಯಾರೇ ಆಗಿದ್ದರೂ ಅಮಲು ಏರುವ ಮಾತೇ ಇಲ್ಲ.

ಆದರೆ ಡೈಸಲ್ಫಿರಾಮ್ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಮದ್ಯಸಾರ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಅದನ್ನು ಕೂಡಲೇ ಮುಂದಿನ ಹಂತಕ್ಕೆ ಒಯ್ದು ನಿರುಪದ್ರವಿ ಮಾಡಲು ಒಂದು ಕಿಣ್ವ ಇದೆ. ಮಾತ್ರೆ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ವಿಷ ಅಲ್ಲೇ ಕೂಡಿಕೊಳ್ಳುತ್ತದೆ. ಮುಖ ಕೆಂಪು, ತಲೆಸಿಡಿತ, ವಾಂತಿ, ಬಿಪಿ ಇಳಿತ ಎಲ್ಲ ಅದರದ್ದೇ. ರಕ್ತದಲ್ಲಿ ಮದ್ಯಸಾರ 5ರಿಂದ 10 ಮಿಲಿಗ್ರಾಂ ಆದರೆ ಸಾಕು, ಸೂಕ್ಷ್ಮ ಮೈಯವರಲ್ಲಿ ಇದು ಶುರುವಾಗುತ್ತದೆ. ನಾಗರಾಜರ ಅಂದಾಜು ಲೆಕ್ಕ ಸರಿಯಾಗಿ ಆ ಗಡಿಯ ಮೇಲೆ ಬಂದು ಕೂತಿತು. ಅಳತೆ ಮುಚ್ಚಳದಲ್ಲಿ 15 ಮಿ.ಲೀ. ಕುಡಿದಿದ್ದರೆ ಏನೂ ಆಗದೇ ಇರಬಹುದಿತ್ತು. ಆಗ ಮನೆಯವರೆಲ್ಲ "ಇದರಿಂದ ತೊಂದರೆ ಇಲ್ಲ" ಎಂದುಕೊಂಡು ದಿನಾ ಕೊಡುತ್ತಿದ್ದರು, ಒಂದು ದಿನ ಲೋಟ ಜಾಸ್ತಿ ತುಂಬುತ್ತಿತ್ತು. ಆ ದೃಷ್ಟಿಯಿಂದ ನೋಡಿದರೆ ಮೊದಲ ದಿನವೇ ಆದದ್ದು ಒಳ್ಳೆಯದು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಹೆಂಡತಿ, ಮಗ ಇಬ್ಬರನ್ನೂ ಕೂರಿಸಿ ತೋರಿಸಿದೆ. ಮಗ ಲೆಕ್ಕ ಇನ್ನೊಮ್ಮೆ ತಾನೇ ಮಾಡಿ ನೋಡಿದ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಅಪ್ಪನಿಗೆ ಚಾ ತಂದುಕೊಟ್ಟ.

ಮನೋವೈದ್ಯರಿಗೂ ವಿಷಯ ತಿಳಿಸಿದೆವು. ಅವರು ಒಂದು ಮುಖ್ಯ ಮಾತು ಹೇಳಿದರು. ಈ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. "ಇವತ್ತು ಮಾತ್ರೆ ಬೇಡ, ಅರಿಷ್ಟ ತಗೋತೇನೆ" ಎಂಬ ಉಪಾಯ ನಡೆಯುವುದಿಲ್ಲ. ಇನ್ನೊಂದು ವಿಷಯವನ್ನು ನಾಗರಾಜರೇ ಹೇಳಿದರು, ತಗ್ಗಿದ ದನಿಯಲ್ಲಿ. ಅರಿಷ್ಟ ಗಂಟಲಿಗಿಳಿದ ಕೂಡಲೇ, ರಿಯಾಕ್ಷನ್ ಶುರುವಾಗುವ ಮುಂಚೆ, ಆ ಬಿಸಿ ಮತ್ತು ವಾಸನೆಗೆ ಹಳೆಯ ಆಸೆ ಒಮ್ಮೆ ಎದ್ದು ಕೂತಿತಂತೆ. ನನ್ನ ಮಟ್ಟಿಗೆ ಇದು ರಿಯಾಕ್ಷನ್‌ಗಿಂತ ದೊಡ್ಡ ಕಾರಣ. ಕುಡಿತ ಬಿಟ್ಟವರಿಗೆ, ಮಾತ್ರೆ ತೆಗೆದುಕೊಳ್ಳಲಿ ಬಿಡಲಿ, ಆಸವ ಅರಿಷ್ಟ ಕೊಡಲೇಬಾರದು.

ಬೇರೆ ಯಾರಿಗೆ ಬೇಡ

ನಮ್ಮ ಕಡೆ ಇನ್ನೂ ಹೆಚ್ಚು ಕಾಣುವ ಜೋಡಿ ಬಾಣಂತಿ ಮತ್ತು ದಶಮೂಲಾರಿಷ್ಟ. ಘಟ್ಟದ ಮೇಲೂ ಕೆಳಗೂ ಹೆರಿಗೆಯಾದ ಮನೆಯಲ್ಲಿ ಆ ಬಾಟಲಿ ಇರುವುದು ಸಾಮಾನ್ಯ. ಹೊಲಿಗೆಯಲ್ಲಿ ಸೋಂಕಾದರೆ, ಹಲ್ಲುನೋವಿಗೆ, ಆಮಶಂಕೆಗೆ ವೈದ್ಯರು ಮೆಟ್ರೋನಿಡಜೋಲ್ ಬರೆಯುತ್ತಾರೆ. ಮದ್ಯದ ಜೊತೆ ಅದಕ್ಕೂ ಇಂಥದೇ ರಿಯಾಕ್ಷನ್ ಆಗಬಹುದೆಂಬ ಎಚ್ಚರಿಕೆ ಇದೆ. ಎಲ್ಲರಿಗೂ ಆಗುವುದಿಲ್ಲ, ನಿಜಕ್ಕೂ ಎಷ್ಟು ಜನರಿಗೆ ಆಗುತ್ತದೆ ಎನ್ನುವ ಬಗ್ಗೆ ತಜ್ಞರಲ್ಲಿ ಚರ್ಚೆಯೂ ಇದೆ. ಆದರೆ ಐದಾರು ದಿನ ಅರಿಷ್ಟ ನಿಲ್ಲಿಸಿದರೆ ಬಾಣಂತಿಗೆ ನಷ್ಟವೇನೂ ಇಲ್ಲ. ಮಾತ್ರೆ ಮುಗಿದು ಮೂರು ದಿನ ಕಳೆದ ಮೇಲೆ ಮತ್ತೆ ಶುರುಮಾಡಲಿ. ಅರಿಷ್ಟ ಕುಡಿಯುವ ತಾಯಿಯ ಹಾಲಿನಲ್ಲೂ ರಕ್ತದಲ್ಲಿರುವಷ್ಟೇ ಮದ್ಯಸಾರ ಇರುತ್ತದೆ. ಹಾಗಾಗಿ ಮಗುವಿಗೆ ಹಾಲು ಕೊಟ್ಟಾದ ಮೇಲೆ, ಅಳತೆ ಮುಚ್ಚಳದಲ್ಲೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಬಸುರಿಯರಿಗಂತೂ ಬೇಡವೇ ಬೇಡ.

ಯಕೃತ್ತು ಕೆಟ್ಟವರು, ನಿದ್ದೆ ಮಾತ್ರೆ ಅಥವಾ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಶುಗರ್ ಹಿಡಿತಕ್ಕೆ ಬಾರದವರು, ಹೊಟ್ಟೆಯಲ್ಲಿ ಹುಣ್ಣು ಇರುವವರು ದೂರ ಇರಬೇಕು. ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಇಷ್ಟವಾಗುವುದಿಲ್ಲ. ಅರವಿಂದಾಸವ ಮಕ್ಕಳಿಗೆಂದೇ ಹೇಳಿದ್ದು, ಅದರಲ್ಲೂ ಮದ್ಯಸಾರ ಇದ್ದೇ ಇದೆ. ಅದೇ ಕೆಲಸ ಮಾಡುವ ಪುಡಿ, ಕಷಾಯ ಸಿಗುವಾಗ ನಾನು ಪುಟ್ಟ ಮಕ್ಕಳಿಗೆ ಆಸವ ಬರೆಯುವುದಿಲ್ಲ.

ಅಂದಹಾಗೆ, ಈ ಪ್ರಕರಣದ ನಂತರ ನನ್ನ ಚಿಕಿತ್ಸಾಲಯದಲ್ಲಿ ಹೊಸ ರೋಗಿಗೆ ಕೇಳುವ ಪ್ರಶ್ನೆಗಳಲ್ಲಿ "ಕುಡಿಯುತ್ತೀರಾ" ಎನ್ನುವುದರ ಕೆಳಗೆ "ಮೊದಲು ಕುಡಿಯುತ್ತಿದ್ದಿರಾ, ಬಿಡಲು ಮಾತ್ರೆ ಏನಾದರೂ ಇದೆಯಾ" ಎಂಬುದೂ ಸೇರಿತು. ಬಿಟ್ಟವರು ಮೊದಲ ಪ್ರಶ್ನೆಗೆ ಇಲ್ಲ ಎಂದೇ ಉತ್ತರಿಸುತ್ತಾರೆ. ಅದು ಸುಳ್ಳೂ ಅಲ್ಲ.

ನಾಗರಾಜರ ಮೂಲವ್ಯಾಧಿಗೆ ರಾತ್ರಿ ಮಲಗುವಾಗ ಬಿಸಿನೀರಿನಲ್ಲಿ ತ್ರಿಫಲಾ ಚೂರ್ಣ 5 ಗ್ರಾಂ, ಬಿಸಿನೀರಿನ ಟಬ್ಬಿನಲ್ಲಿ ಕೂರುವುದು, ಅಡಿಕೆ ಸುಲಿಯುವಾಗ ಆಗಾಗ ಏಳುವುದು ಎಂದು ಹೇಳಿದೆ. ರಕ್ತ ನಿಂತಿತು, ಮಲಬದ್ಧತೆ ಸುಧಾರಿಸಿತು. ಯಕೃತ್ತಿನ ಪರೀಕ್ಷೆ ನೋಡಿ ಮನೋವೈದ್ಯರು ಡೈಸಲ್ಫಿರಾಮ್ ಮುಂದುವರಿಸಿದರು. ಕೆಮ್ಮಿನ ಸಿರಪ್, ಹೋಮಿಯೋಪತಿಯ ಹನಿ ಔಷಧಿ ಇವುಗಳಲ್ಲೂ ಮದ್ಯಸಾರ ಇರಬಹುದು, ಕೇಳದೆ ತೆಗೆದುಕೊಳ್ಳಬೇಡಿ ಎಂದು ಬರೆದುಕೊಟ್ಟರು.

ಮಾವನಿಗೆ ಮಾತ್ರ ಬೇಸರ ಹೋಗಿರಲಿಲ್ಲ. ಒಂದು ದಿನ ಬಂದು ಕೇಳಿದರು, "ಡಾಕ್ಟ್ರೇ, ಅರಿಷ್ಟನ ಕುದಿಸಿ ಕೊಟ್ರೆ ಅಡ್ಡಿಲ್ಯನಾ? ಆವಿಯಾಗಿ ಹೋಗ್ತಲ್ಲ?" ಪ್ರಶ್ನೆ ಒಳ್ಳೆಯದೇ. ಒಂದು ಕುದಿ ಬಂದ ಕೂಡಲೇ ಇಳಿಸಿದರೆ ಬಹಳಷ್ಟು ಮದ್ಯಸಾರ ಒಳಗೇ ಉಳಿಯುತ್ತದೆ. ಮೂರನೇ ಒಂದು ಭಾಗ ಇಂಗುವವರೆಗೆ ಕುದಿಸಿದರೆ ಬಹುಪಾಲು ಹೋಗುತ್ತದೆ, ಆದರೆ ಮನೆಯ ಒಲೆಯ ಮೇಲೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ನೋಡುವ ದಾರಿ ಇಲ್ಲ. ಡೈಸಲ್ಫಿರಾಮ್ ತಿನ್ನುವವನಿಗೆ ಆ ಅಂದಾಜಿನ ಮೇಲೆ ಕೊಡಲು ಆಗುವುದಿಲ್ಲ. ಅಳಲೆ, ದ್ರಾಕ್ಷಿ, ವಾಯುವಿಳಂಗ ಕುದಿಸಿ ಕಾಲುಭಾಗಕ್ಕೆ ಇಳಿಸಿದ ಕಷಾಯ ನಿಮ್ಮ ಕೈಯಲ್ಲೇ ಇರುತ್ತದಲ್ಲ, ಬೆಲ್ಲ ಮತ್ತು ಧಾತಕಿ ಹಾಕುವ ಮುಂಚೆ ಅವತ್ತವತ್ತಿನದು ಒಂದು ಲೋಟ ತೆಗೆದಿಟ್ಟು ಅದನ್ನೇ ಕೊಡಿ ಎಂದೆ.